ಮದ್ದಿದ್ದೂ ಹುಸಿಮಾತ್ರೆ: ಮೂರ್ಛೆರೋಗದ ಪ್ರಯೋಗಕ್ಕೆ ಸೇರುವವರಿಗೆ ಸಲ್ಲಬೇಕಾದದ್ದು

ಪ್ರಶ್ನೆ: ನನ್ನ ತಂಗಿಗೆ ಬಹಳ ವರ್ಷಗಳಿಂದ ಮೂರ್ಛೆರೋಗವಿದೆ. ಎರಡು ಬಗೆಯ ಮಾತ್ರೆ ತಪ್ಪದೆ ತೆಗೆದುಕೊಂಡರೂ ತಿಂಗಳಿಗೆ ನಾಲ್ಕೈದು ಸಲ ಫಿಟ್ಸ್ ಬರುತ್ತದೆ. ಹೊಸ ಔಷಧದ ಪ್ರಯೋಗಕ್ಕೆ ಸೇರಬಹುದು ಎಂದು ವೈದ್ಯರು ಹೇಳಿದ್ದಾರೆ. ಆದರೆ ಅವಳಿಗೆ ಔಷಧದ ಬದಲು ಹುಸಿಮಾತ್ರೆ ಸಿಗಲೂಬಹುದಂತೆ. ಕೆಲಸ ಮಾಡುವ ಔಷಧಗಳು ಇಷ್ಟೊಂದು ಇರುವಾಗ ಹೀಗೆ ಮಾಡುವುದು ನ್ಯಾಯವೇ? ಪ್ರಯೋಗ ನಡೆಸುವವರಿಗೆ ಅವಳ ವಿಷಯದಲ್ಲಿ ಏನೇನು ಹೊಣೆ ಇರುತ್ತದೆ?

ಉತ್ತರ: ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ನಿಮ್ಮ ತಂಗಿಯಂಥವರಿಗಾಗಿ ನಡೆಯುವ ಪ್ರಯೋಗಗಳಲ್ಲಿ ಹುಸಿಮಾತ್ರೆಯ ಗುಂಪಿಗೆ ಬಿದ್ದವರೂ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ನಿಲ್ಲಿಸುವುದಿಲ್ಲ. ಅವರ ಎರಡು ಔಷಧಗಳು ಹಾಗೆಯೇ ಮುಂದುವರಿಯುತ್ತವೆ, ಅವುಗಳ ಮೇಲೆ ಕೆಲವರಿಗೆ ಹೊಸ ಔಷಧವನ್ನೂ ಉಳಿದವರಿಗೆ ನೋಡಲು ಅದರಂತೆಯೇ ಇರುವ, ಔಷಧಾಂಶವಿಲ್ಲದ ಮಾತ್ರೆಯನ್ನೂ ಸೇರಿಸಲಾಗುತ್ತದೆ. ಆದ್ದರಿಂದ ಚಿಕಿತ್ಸೆಯನ್ನೇ ಕಿತ್ತುಕೊಳ್ಳುತ್ತಾರೆ ಎಂಬ ಭಯಕ್ಕೆ ಇಲ್ಲಿ ಆಧಾರವಿಲ್ಲ. ಹಾಗೆಂದು ಏನನ್ನೂ ತಡೆಹಿಡಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದೂ ಪೂರ್ತಿ ನಿಜವಲ್ಲ. ಪ್ರಯೋಗದ ಅವಧಿಯಲ್ಲಿ ಹಳೆಯ ಔಷಧಗಳ ಪ್ರಮಾಣವನ್ನು ಏರಿಸುವಂತಿಲ್ಲ, ಇಳಿಸುವಂತಿಲ್ಲ, ಅವುಗಳ ಜಾಗದಲ್ಲಿ ಬೇರೆ ಔಷಧವನ್ನು ಪರೀಕ್ಷಿಸಿ ನೋಡುವಂತೆಯೂ ಇಲ್ಲ. ಸಾಮಾನ್ಯವಾಗಿ ಮೊದಲ ಎಂಟು ವಾರ ಯಾವ ಹೊಸ ಮಾತ್ರೆಯೂ ಇಲ್ಲದೆ ಫಿಟ್ಸ್‌ಗಳನ್ನು ದಿನಚರಿಯಲ್ಲಿ ಬರೆದಿಡಬೇಕು. ಆಮೇಲೆ ಕೆಲವು ವಾರ ಹೊಸ ಮಾತ್ರೆಯ ಪ್ರಮಾಣವನ್ನು ನಿಧಾನವಾಗಿ ಏರಿಸುತ್ತಾರೆ, ಅದರ ನಂತರ ಹನ್ನೆರಡು ವಾರ ಅದೇ ಪ್ರಮಾಣದಲ್ಲಿ ಮುಂದುವರಿಸುತ್ತಾರೆ. ಎಲ್ಲ ಸೇರಿದರೆ ಸುಮಾರು ಆರು ತಿಂಗಳು. ಹುಸಿಮಾತ್ರೆಯ ಗುಂಪಿನವರು ಕೊಡುವುದು ಈ ಆರು ತಿಂಗಳನ್ನು, ಅಂದರೆ ಸಾಮಾನ್ಯ ಚಿಕಿತ್ಸೆಯಲ್ಲಿ ವೈದ್ಯರು ಬದಲಾವಣೆ ಮಾಡಿ ನೋಡಬಹುದಾಗಿದ್ದ ಕಾಲವನ್ನು. ಸಂಶೋಧಕರ ಹೊಣೆಯನ್ನು ಅಳೆಯಬೇಕಾದದ್ದು ಇದರಿಂದಲೇ ಎಂಬುದು ನನ್ನ ಅಭಿಪ್ರಾಯ.

ಹುಸಿಮಾತ್ರೆಯ ಬದಲು ಈಗಾಗಲೇ ಬಳಕೆಯಲ್ಲಿರುವ ಔಷಧವೊಂದರ ಜೊತೆ ಹೊಸದನ್ನು ಏಕೆ ಹೋಲಿಸಬಾರದು ಎಂಬುದು ನಿಮ್ಮ ಪ್ರಶ್ನೆಯ ತಿರುಳು. ಇದಕ್ಕೆ ಉತ್ತರ ರೋಗಿಗಳ ಗುಂಪನ್ನು ಅವಲಂಬಿಸಿದೆ. ಹೊಸದಾಗಿ ರೋಗ ಪತ್ತೆಯಾದವರಲ್ಲಿ ಇಂಥ ಹೋಲಿಕೆ ಸಾಧ್ಯ, ಅದು ನಡೆದೂ ಇದೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹೊಸ ರೋಗಿಗಳಿಗೆ ಲೆವೆಟಿರಾಸೆಟಮ್ ಅಥವಾ ನಿಧಾನವಾಗಿ ಬಿಡುಗಡೆಯಾಗುವ ಕಾರ್ಬಮಜಪೀನ್ ಕೊಡಲಾಯಿತು. ಆರು ತಿಂಗಳು ಫಿಟ್ಸ್ ಇಲ್ಲದೆ ಇದ್ದವರ ಪ್ರಮಾಣ ಎರಡೂ ಗುಂಪುಗಳಲ್ಲಿ ಸುಮಾರು 73%. ಕಾರ್ಬಮಜಪೀನ್ ಇಂಥವರಲ್ಲಿ ಕೆಲಸ ಮಾಡುತ್ತದೆ ಎಂಬುದು ಮೊದಲೇ ದೃಢವಾಗಿದ್ದುದರಿಂದ, ಎರಡೂ ಸಮಾನವಾಗಿವೆ ಎಂದರೆ ಹೊಸದೂ ಕೆಲಸ ಮಾಡುತ್ತಿದೆ ಎಂದು ಅರ್ಥಮಾಡಿಕೊಳ್ಳಲು ಅವಕಾಶವಿತ್ತು. ಅಂಥ ಕಡೆ ಹುಸಿಮಾತ್ರೆ ಕೊಟ್ಟಿದ್ದರೆ ಅದಕ್ಕೆ ಸಮರ್ಥನೆಯೇ ಇರುತ್ತಿರಲಿಲ್ಲ.

ನಿಮ್ಮ ತಂಗಿಯ ಸ್ಥಿತಿ ಬೇರೆ. ಸರಿಯಾಗಿ ಆರಿಸಿದ ಎರಡು ಔಷಧಗಳು ಸಾಕಷ್ಟು ಪ್ರಮಾಣದಲ್ಲಿ ಕೊಟ್ಟರೂ ಸೋತಾಗ ಆ ರೋಗವನ್ನು ಔಷಧ ನಿರೋಧಕ ಎಂದು ಕರೆಯುತ್ತಾರೆ. ಹೊಸ ರೋಗಿಗಳನ್ನು ಬಹುಕಾಲ ಹಿಂಬಾಲಿಸಿ 2000ದಲ್ಲಿ ಪ್ರಕಟಿಸಿದ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಮೊದಲ ಬಾರಿ ಚಿಕಿತ್ಸೆ ಪಡೆದವರಲ್ಲಿ 47% ಜನರಿಗೆ ಮೊದಲ ಔಷಧದಿಂದಲೇ ಫಿಟ್ಸ್ ನಿಂತಿತ್ತು. ಆನಂತರದ ಪ್ರತಿ ಹೆಜ್ಜೆಯಲ್ಲೂ ಆ ಸಾಧ್ಯತೆ ಕಡಿದಾಗಿ ಇಳಿಯಿತು. ಹೀಗಿರುವಾಗ ಔಷಧ ನಿರೋಧಕ ರೋಗಿಗಳಿಗೆ ಮೂರನೆಯದಾಗಿ ಹಳೆಯ ಔಷಧವನ್ನೋ ಹೊಸ ಔಷಧವನ್ನೋ ಕೊಟ್ಟು, ಎರಡೂ ಸಮ ಎಂದು ಬಂದರೆ ಏನು ತಿಳಿದಂತಾಯಿತು? ಎರಡೂ ಕೆಲಸ ಮಾಡಿರಬಹುದು, ಎರಡೂ ಕೆಲಸ ಮಾಡದೆಯೂ ಇರಬಹುದು. ಇದಕ್ಕೆ ಇನ್ನೊಂದು ತೊಡಕೂ ಸೇರುತ್ತದೆ. ಫಿಟ್ಸ್ ಹೆಚ್ಚಾದ ತಿಂಗಳಲ್ಲೇ ಜನ ವೈದ್ಯರಲ್ಲಿಗೆ ಹೋಗುತ್ತಾರೆ, ಪ್ರಯೋಗಕ್ಕೂ ಆಗಲೇ ಸೇರುತ್ತಾರೆ. ಏರಿಳಿತವೇ ಸ್ವಭಾವವಾಗಿರುವ ಈ ರೋಗದಲ್ಲಿ ಮುಂದಿನ ತಿಂಗಳು ಏನೂ ಮಾಡದಿದ್ದರೂ ಎಣಿಕೆ ಸ್ವಲ್ಪ ಇಳಿಯುವುದು ಸಹಜ. ಹುಸಿಮಾತ್ರೆಯ ಗುಂಪಿನಲ್ಲೂ ಸಾಕಷ್ಟು ಜನರ ಫಿಟ್ಸ್ ಅರ್ಧಕ್ಕಿಂತ ಕಡಿಮೆಯಾಗುವುದು ಹೀಗೆಯೇ. ಆ ಗುಂಪು ಇಲ್ಲದಿದ್ದರೆ ಈ ಸಹಜ ಇಳಿತವೆಲ್ಲ ಔಷಧದ ಲೆಕ್ಕಕ್ಕೆ ಸೇರಿ, ನಿಷ್ಪ್ರಯೋಜಕವಾದ ಔಷಧವೊಂದು ಅಡ್ಡಪರಿಣಾಮಗಳ ಸಮೇತ ಸಾವಿರಾರು ಜನರ ಹೊಟ್ಟೆ ಸೇರಬಹುದು.

ಆದರೆ ವೈಜ್ಞಾನಿಕ ಕಾರಣ ಬಲವಾಗಿದೆ ಎಂದಮಾತ್ರಕ್ಕೆ ಅನುಮತಿ ದೊರೆಯುವುದಿಲ್ಲ. ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಯ ನೀತಿಗಳನ್ನು ಹೇಳುವ, ವಿಶ್ವ ವೈದ್ಯಕೀಯ ಸಂಘದ ಹೆಲ್ಸಿಂಕಿ ಘೋಷಣೆಯ ಮೂಲ ನಿಯಮದಂತೆ ಹೊಸ ಚಿಕಿತ್ಸೆಯನ್ನು ಈಗಿರುವ ಅತ್ಯುತ್ತಮ ಸಾಬೀತಾದ ಚಿಕಿತ್ಸೆಯ ಎದುರಿಗಿಟ್ಟೇ ಪರೀಕ್ಷಿಸಬೇಕು. ಸಾಬೀತಾದ ಚಿಕಿತ್ಸೆ ಇರುವಾಗಲೂ ಹುಸಿಮಾತ್ರೆ ಬಳಸಬೇಕೆಂದರೆ ಎರಡು ಷರತ್ತುಗಳು ಒಟ್ಟಿಗೆ ಈಡೇರಬೇಕು. ಬೇರೆ ದಾರಿಯಿಂದ ಫಲಿತಾಂಶ ತಿಳಿಯಲಾಗದು ಎಂಬುದಕ್ಕೆ ಮನವರಿಕೆಯಾಗುವ ವೈಜ್ಞಾನಿಕ ಕಾರಣ ಇರಬೇಕು. ಜೊತೆಗೆ, ಅತ್ಯುತ್ತಮ ಚಿಕಿತ್ಸೆ ಸಿಗದೆ ಹೋದುದರಿಂದ ಭಾಗಿಗಳಿಗೆ ಗಂಭೀರವಾದ ಅಥವಾ ಸರಿಪಡಿಸಲಾಗದ ಹಾನಿಯ ಹೆಚ್ಚುವರಿ ಅಪಾಯ ಒದಗಬಾರದು. ಮೊದಲನೆಯದನ್ನು ಪ್ರಯೋಗದ ಯೋಜನೆಯಲ್ಲಿ ಪುಟಗಟ್ಟಲೆ ಬರೆದು ಎರಡನೆಯದನ್ನು ಒಂದು ಸಾಲಿನಲ್ಲಿ ಮುಗಿಸುವ ಪ್ರವೃತ್ತಿ ಈ ಕ್ಷೇತ್ರದಲ್ಲಿದೆ. ಮೂರ್ಛೆರೋಗದಲ್ಲಿ ಬಹುಕಾಲ ಹೀಗೆಯೇ ಆಯಿತು. ತಿಂಗಳಿಗೆ ಐದು ಫಿಟ್ಸ್ ಇದ್ದವರಿಗೆ ಇನ್ನೂ ಕೆಲವು ತಿಂಗಳು ಅಷ್ಟೇ ಇದ್ದರೆ ಹೊಸದಾಗಿ ಏನೂ ಕೆಟ್ಟದಾಗುವುದಿಲ್ಲ ಎಂಬ ನಂಬಿಕೆ ಎಲ್ಲರಲ್ಲೂ ಇತ್ತು.

ಆ ನಂಬಿಕೆಯನ್ನು ಅಲುಗಾಡಿಸಿದ್ದು 2011ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ. ಫ್ರಾನ್ಸಿನ ಫಿಲಿಪ್ ರಿವ್ಲಾಂ ಮತ್ತು ಸಂಗಡಿಗರು ಔಷಧ ನಿರೋಧಕ ರೋಗಿಗಳಲ್ಲಿ ನಡೆದಿದ್ದ 112 ಹುಸಿಮಾತ್ರೆ ಪ್ರಯೋಗಗಳನ್ನು ಒಟ್ಟುಗೂಡಿಸಿ, ಅವುಗಳಲ್ಲಿ ಸಂಭವಿಸಿದ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಮೂರ್ಛೆರೋಗಿಗಳಲ್ಲಿ ಕೆಲವರು ಬೇರೆ ಯಾವ ಕಾರಣವೂ ಕಾಣದಂತೆ, ಬಹುಪಾಲು ರಾತ್ರಿ ನಿದ್ದೆಯಲ್ಲಿ, ಹಠಾತ್ತಾಗಿ ಸಾಯುತ್ತಾರೆ. ಇದನ್ನು ಸುಡೆಪ್ ಎಂದು ಕರೆಯುತ್ತಾರೆ. ಇಡೀ ಮೈ ಸೆಟೆದು ನಡುಗುವ ದೊಡ್ಡ ಫಿಟ್ಸ್ ಹತೋಟಿಯಲ್ಲಿಲ್ಲದವರಲ್ಲಿ ಇದರ ಅಪಾಯ ಹೆಚ್ಚು. ಆ ಪ್ರಯೋಗಗಳಲ್ಲಿ ಪರಿಣಾಮಕಾರಿ ಪ್ರಮಾಣದಲ್ಲಿ ಹೆಚ್ಚುವರಿ ಔಷಧ ಪಡೆದವರಲ್ಲಿ ಇಂಥ ಸಾವು ಸಾವಿರ ಜನರಿಗೆ ವರ್ಷಕ್ಕೆ 0.9ರ ದರದಲ್ಲಿತ್ತು, ಹುಸಿಮಾತ್ರೆಯ ಗುಂಪಿನಲ್ಲಿ 6.9ರ ದರದಲ್ಲಿತ್ತು. ಅಂದರೆ ಏಳು ಪಟ್ಟಿಗಿಂತ ಹೆಚ್ಚು.

ಈ ಸಂಖ್ಯೆಯನ್ನು ನಿಮ್ಮ ತಂಗಿಯ ಲೆಕ್ಕಕ್ಕೆ ತಂದು ನೋಡೋಣ. ಪ್ರಮಾಣ ಏರಿಸುವ ಆರು ವಾರ ಮತ್ತು ಅದೇ ಪ್ರಮಾಣದಲ್ಲಿ ಮುಂದುವರಿಸುವ ಹನ್ನೆರಡು ವಾರ ಸೇರಿ ಹದಿನೆಂಟು ವಾರ, ಅಂದರೆ ವರ್ಷದ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಎಂದಿಟ್ಟುಕೊಳ್ಳಿ. ಆ ಅವಧಿಗೆ ಹುಸಿಮಾತ್ರೆಯ ಗುಂಪಿನ ಅಪಾಯ ಸಾವಿರಕ್ಕೆ ಸುಮಾರು 2.4, ಔಷಧದ ಗುಂಪಿನದು ಸುಮಾರು 0.3. ವ್ಯತ್ಯಾಸ ಸಾವಿರಕ್ಕೆ ಹತ್ತಿರ ಹತ್ತಿರ ಎರಡು, ಅಂದರೆ ಐನೂರು ಜನರಲ್ಲಿ ಒಬ್ಬರು. ಈ ಲೆಕ್ಕವನ್ನು ಎಚ್ಚರದಿಂದ ಓದಬೇಕು. ಅಷ್ಟೂ ಪ್ರಯೋಗಗಳಲ್ಲಿ ಸುಡೆಪ್ ಎಂದು ಗುರುತಿಸಿದ ಸಾವುಗಳು ಇಪ್ಪತ್ತು ಮಾತ್ರ ಆಗಿದ್ದುದರಿಂದ ನಿಜವಾದ ವ್ಯತ್ಯಾಸ ಇದಕ್ಕಿಂತ ಸಾಕಷ್ಟು ಕಡಿಮೆಯೂ ಇರಬಹುದು, ಹೆಚ್ಚೂ ಇರಬಹುದು. ಅಲ್ಲದೆ ಪ್ರಯೋಗಕ್ಕೆ ಸೇರದೆ, ಔಷಧದಲ್ಲಿ ಯಾವ ಬದಲಾವಣೆಯೂ ಇಲ್ಲದೆ ಮನೆಯಲ್ಲೇ ಇದ್ದವರಿಗೂ ಹತೋಟಿಯಿಲ್ಲದ ಫಿಟ್ಸ್‌ನ ಅಪಾಯ ಇದ್ದೇ ಇರುತ್ತದೆ. ಹುಸಿಮಾತ್ರೆ ಯಾರನ್ನೂ ಕೊಲ್ಲುವುದಿಲ್ಲ, ಇದ್ದ ಅಪಾಯವನ್ನು ಇದ್ದಂತೆಯೇ ಉಳಿಸುತ್ತದೆ. ಆದರೆ ತಪ್ಪಿಸಬಹುದಾದ ಅಪಾಯವನ್ನು ತಿಳಿದೂ ಆರು ತಿಂಗಳು ಉಳಿಸಿಕೊಳ್ಳಲು ನಾವು ಒಬ್ಬರನ್ನು ಕೇಳುತ್ತಿದ್ದೇವೆ ಎಂದಾದರೆ, ಅದನ್ನು ಅವರಿಗೆ ತಿಳಿಸಿ ಹೇಳುವ ಮತ್ತು ಆ ಕಾಲವನ್ನು ಎಷ್ಟು ಸಾಧ್ಯವೋ ಅಷ್ಟು ಕಿರಿದಾಗಿಸುವ ಹೊಣೆ ನಮ್ಮ ಮೇಲೆ ಬೀಳುತ್ತದೆ.

ಕಾಲವನ್ನು ಕಿರಿದಾಗಿಸಲು ದಾರಿಯಿದೆ. ಪ್ರತಿಯೊಬ್ಬರನ್ನೂ ಹದಿನೆಂಟು ವಾರ ಕಾಯಿಸುವ ಬದಲು, ಪ್ರಯೋಗಕ್ಕೆ ಮುಂಚಿನ ಒಂದು ತಿಂಗಳಲ್ಲಿ ಅವರಿಗೆ ಎಷ್ಟು ಫಿಟ್ಸ್ ಬರುತ್ತಿತ್ತೋ ಆ ಎಣಿಕೆಯನ್ನೇ ಗಡಿಯಾಗಿ ಇಡುವುದು ಆ ವಿಧಾನ. ನಿಮ್ಮ ತಂಗಿಯ ಮಟ್ಟಿಗೆ ಆ ಗಡಿ ಐದು ಎಂದುಕೊಳ್ಳಿ. ಮಾತ್ರೆ ಶುರುವಾದ ಮೇಲೆ ಐದನೆಯ ಫಿಟ್ಸ್ ಬಂದ ದಿನಕ್ಕೆ ಯಾವ ಮಾತ್ರೆ ಎಂದು ಯಾರಿಗೂ ತಿಳಿಸದ ಅವರ ಗುಟ್ಟಿನ ಹಂತ ಮುಗಿಯುತ್ತದೆ, ಅಂದಿನಿಂದ ಅವರಿಗೆ ಖಚಿತವಾಗಿ ಔಷಧವನ್ನೇ ಕೊಡಬಹುದು ಅಥವಾ ವೈದ್ಯರು ಬೇರೆ ಚಿಕಿತ್ಸೆ ನೋಡಬಹುದು. ಔಷಧ ಕೆಲಸ ಮಾಡುತ್ತಿದ್ದರೆ ಗಡಿ ಮುಟ್ಟಲು ಹೆಚ್ಚು ದಿನ ಹಿಡಿಯುತ್ತದೆ. ಎರಡು ಗುಂಪುಗಳು ಗಡಿ ಮುಟ್ಟಲು ತೆಗೆದುಕೊಂಡ ದಿನಗಳ ಅಂತರವೇ ಫಲಿತಾಂಶ. ಪೆರಾಂಪನೆಲ್ ಎಂಬ ಔಷಧದ ಮುಗಿದಿದ್ದ ಪ್ರಯೋಗಗಳ ಮಾಹಿತಿಯನ್ನೇ ಈ ಕ್ರಮದಲ್ಲಿ ಮತ್ತೆ ಲೆಕ್ಕ ಹಾಕಿ 2015ರಲ್ಲಿ ಪ್ರಕಟಿಸಿದರು. ಪೂರ್ತಿ ಅವಧಿ ಕಾದಾಗ ದೊರೆತಿದ್ದ ತೀರ್ಮಾನವೇ ಹೀಗೂ ದೊರೆಯಿತು. ಇದರಲ್ಲಿ ಕೊರತೆಯೂ ಇದೆ. ಹುಸಿಮಾತ್ರೆಯವರು ಬೇಗ ಹೊರಬಿದ್ದರೆ ದೀರ್ಘಕಾಲದ ಅಡ್ಡಪರಿಣಾಮಗಳನ್ನು ಹೋಲಿಸಿ ನೋಡುವ ಅವಕಾಶ ಕಡಿಮೆಯಾಗುತ್ತದೆ, ಔಷಧದ ಪರಿಣಾಮ ಕಾಲಕ್ರಮದಲ್ಲಿ ಸವೆಯುತ್ತದೆಯೇ ಎಂಬುದೂ ಕಾಣದೆ ಹೋಗಬಹುದು. ಆದರೂ ಭಾಗಿಗಳ ಅಪಾಯದ ಕಾಲವನ್ನು ಮೊಟಕುಗೊಳಿಸುವ ದಾರಿ ಇರುವಾಗ, ಅದನ್ನು ಏಕೆ ಬಳಸಲಿಲ್ಲ ಎಂಬುದಕ್ಕೆ ಪ್ರಯೋಗ ನಡೆಸುವವರೇ ಕಾರಣ ಕೊಡಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಹುಸಿಮಾತ್ರೆಯ ಗುಂಪನ್ನು ಚಿಕ್ಕದು ಮಾಡುವುದು ಇನ್ನೊಂದು ಮಾರ್ಗ, ಆದರೆ ಜನ ಎಣಿಸಿದಷ್ಟು ಲಾಭ ಅದರಲ್ಲಿಲ್ಲ. ಸಮಪಾಲಾಗಿ ಹಂಚಿದಾಗ 200 ಜನ ಸಾಕಾಗುವ ಪ್ರಯೋಗದಲ್ಲಿ 100 ಜನ ಹುಸಿಮಾತ್ರೆ ಪಡೆಯುತ್ತಾರೆ. ಮೂವರಲ್ಲಿ ಒಬ್ಬರಿಗೆ ಮಾತ್ರ ಹುಸಿಮಾತ್ರೆ ಎಂದು ಮಾಡಿದರೆ ಅಷ್ಟೇ ನಿಖರತೆಗೆ ಒಟ್ಟು 225 ಜನ ಬೇಕು, ಅವರಲ್ಲಿ 75 ಜನರಿಗೆ ಹುಸಿಮಾತ್ರೆ. ಇಪ್ಪತ್ತೈದು ಜನ ಉಳಿದರು ಎಂಬುದು ನಿಜ, ಆದರೆ ಸುರಕ್ಷತೆ ಇನ್ನೂ ತಿಳಿಯದ ಔಷಧವನ್ನು 150 ಜನ ನುಂಗಿದರು ಎಂಬುದೂ ನಿಜ.

ಅನಿವಾರ್ಯ ಎಂದು ಹೇಳಿದ್ದೆಲ್ಲ ನಿಜಕ್ಕೂ ಅನಿವಾರ್ಯವೇ ಎಂದು ಕೇಳುತ್ತಲೇ ಇರಬೇಕು ಎನ್ನುವುದಕ್ಕೆ ಇದೇ ಕ್ಷೇತ್ರದಲ್ಲಿ ಸಾಕ್ಷಿಯಿದೆ. ಹೊಸ ಔಷಧವೊಂದು ಒಂಟಿಯಾಗಿ ಕೊಟ್ಟರೂ ಕೆಲಸ ಮಾಡುತ್ತದೆ ಎಂದು ತೋರಿಸಲು ಅಮೆರಿಕದಲ್ಲಿ ಹಿಂದೆ ಒಂದು ಕಠಿಣ ಕ್ರಮವಿತ್ತು. ಭಾಗಿಗಳ ಹಳೆಯ ಔಷಧಗಳನ್ನು ಹಂತಹಂತವಾಗಿ ನಿಲ್ಲಿಸಿ, ಒಂದು ಗುಂಪಿಗೆ ಹೊಸ ಔಷಧವನ್ನೂ ಇನ್ನೊಂದು ಗುಂಪಿಗೆ ಸಾಲದು ಎಂದು ಗೊತ್ತಿದ್ದೇ ಆರಿಸಿದ ಕಡಿಮೆ ಪ್ರಮಾಣದ ಔಷಧವನ್ನೂ ಕೊಡುತ್ತಿದ್ದರು. ಫಿಟ್ಸ್ ಎರಡು ಪಟ್ಟಾದರೆ, ಅಥವಾ ಹಿಂದೆ ಇಲ್ಲದ ದೊಡ್ಡ ಫಿಟ್ಸ್ ಬಂದರೆ ಅವರನ್ನು ಹೊರಗೆ ತರುತ್ತಿದ್ದರು. ಯಾರು ಎಷ್ಟು ಬೇಗ ಹದಗೆಡುತ್ತಾರೆ ಎಂಬುದೇ ಅಲ್ಲಿ ಅಳತೆ. 2010ರಲ್ಲಿ ಜಾಕ್ವೆಲಿನ್ ಫ್ರೆಂಚ್ ಮತ್ತು ಸಂಗಡಿಗರು ಇಂಥ ಎಂಟು ಹಳೆಯ ಪ್ರಯೋಗಗಳ ಕಡಿಮೆ ಪ್ರಮಾಣದ ಗುಂಪುಗಳನ್ನು ಒಟ್ಟು ಸೇರಿಸಿ ನೋಡಿದಾಗ, ಸುಮಾರು 85% ಜನ ಹದಗೆಟ್ಟು ಹೊರಬಿದ್ದಿದ್ದರು ಎಂದು ಕಂಡುಬಂತು. ಎಲ್ಲ ಪ್ರಯೋಗಗಳಲ್ಲೂ ಈ ಪ್ರಮಾಣ ಹೆಚ್ಚುಕಡಿಮೆ ಒಂದೇ ರೀತಿ ಇದ್ದುದರಿಂದ, ಇನ್ನು ಮುಂದೆ ಹೊಸದಾಗಿ ಜನರನ್ನು ಆ ಗುಂಪಿಗೆ ಹಾಕುವ ಅಗತ್ಯವಿಲ್ಲ, ಹೊಸ ಔಷಧವನ್ನು ಈ ಹಳೆಯ ಅಂಕಿಯೊಂದಿಗೇ ಹೋಲಿಸಬಹುದು ಎಂದು ಅವರು ವಾದಿಸಿದರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದನ್ನು ಒಪ್ಪಿ ಕೆಲವು ಔಷಧಗಳಿಗೆ ಅನುಮತಿ ನೀಡಿತು. ಆಮೇಲೆ ಅದೂ ಬೇಡವಾಯಿತು. 2017ರಲ್ಲಿ ಪೆರಾಂಪನೆಲ್ ಮತ್ತು ಬ್ರಿವರಾಸೆಟಮ್‌ಗಳನ್ನು ಒಂಟಿಯಾಗಿ ಬಳಸಲು ಅನುಮತಿ ದೊರೆತದ್ದು, ಬೇರೆ ಔಷಧಗಳ ಜೊತೆ ಕೊಟ್ಟಾಗ ಸಿಕ್ಕಿದ್ದ ಸಾಕ್ಷ್ಯದ ಆಧಾರದ ಮೇಲೆಯೇ. ಬೇರೆ ದಾರಿಯೇ ಇಲ್ಲ ಎಂದು ವರ್ಷಗಟ್ಟಲೆ ಸಮರ್ಥಿಸಿಕೊಂಡಿದ್ದ ಪದ್ಧತಿಯೊಂದು, ಹಳೆಯ ಮಾಹಿತಿಯನ್ನು ಒಂದೆಡೆ ಕೂಡಿಸಿ ಓದಿದಾಗ ಅನಗತ್ಯವಾಗಿ ಕಂಡಿತು. ಆ ಎಂಟು ಪ್ರಯೋಗಗಳಲ್ಲಿ ಹದಗೆಟ್ಟವರನ್ನು ನೆನೆದರೆ, ಈ ಓದು ಇನ್ನೂ ಮೊದಲೇ ನಡೆಯಬೇಕಿತ್ತು ಎಂದು ನನಗೆ ನೋವಾಗುತ್ತದೆ.

ಇನ್ನು ನಿಮ್ಮ ತಂಗಿಗೆ ನೇರವಾಗಿ ಸಲ್ಲಬೇಕಾದದ್ದಕ್ಕೆ ಬರುತ್ತೇನೆ. ಎಲ್ಲಕ್ಕಿಂತ ಮೊದಲಿನದು, ಅವರು ನಿಜಕ್ಕೂ ಈ ಪ್ರಯೋಗಕ್ಕೆ ಸೇರಬೇಕಾದವರೇ ಎಂಬ ಪರಿಶೀಲನೆ. ಫಿಟ್ಸ್ ಮಿದುಳಿನ ಒಂದೇ ಜಾಗದಿಂದ, ಮುಖ್ಯವಾಗಿ ಕಿವಿಯ ಪಕ್ಕದ ಭಾಗವಾದ ಕಪೋಲದ ಹಾಲೆಯಿಂದ ಹುಟ್ಟುವವರಿಗೆ ಶಸ್ತ್ರಚಿಕಿತ್ಸೆ ಔಷಧಗಳಿಗಿಂತ ಎಷ್ಟೋ ಮೇಲು. 2001ರಲ್ಲಿ ಸ್ಯಾಮ್ಯುಯೆಲ್ ವೀಬೆ ಮತ್ತು ಸಂಗಡಿಗರು ಕೆನಡಾದಲ್ಲಿ ಇಂಥ 80 ರೋಗಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಒಂದು ವರ್ಷದ ಕೊನೆಗೆ ಎಚ್ಚರ ತಪ್ಪಿಸುವ ಫಿಟ್ಸ್‌ನಿಂದ ಮುಕ್ತರಾದವರು ಶಸ್ತ್ರಚಿಕಿತ್ಸೆಗೆ ನಿಗದಿಯಾದ ಗುಂಪಿನಲ್ಲಿ 58%, ಔಷಧದ ಗುಂಪಿನಲ್ಲಿ 8%. ಹಾಗಾಗಿ ಎಂಆರ್‌ಐ ಮತ್ತು ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ವಿಡಿಯೊ ಸಮೇತ ದಾಖಲಿಸುವ ವಿಡಿಯೊ ಇಇಜಿ ಮಾಡಿಸಿ ಶಸ್ತ್ರಚಿಕಿತ್ಸೆಯ ಸಾಧ್ಯತೆಯನ್ನು ಒಬ್ಬ ಪರಿಣತರು ನೋಡಿರದಿದ್ದರೆ, ಅಂಥವರನ್ನು ಹುಸಿಮಾತ್ರೆಯ ಪ್ರಯೋಗಕ್ಕೆ ಸೇರಿಸಿಕೊಳ್ಳುವುದು ಆತುರದ ಕೆಲಸ. ಅವರ ಪಾಲಿಗೆ ಅತ್ಯುತ್ತಮ ಚಿಕಿತ್ಸೆ ಮೂರನೆಯ ಮಾತ್ರೆ ಆಗಿರದೆ ಶಸ್ತ್ರಚಿಕಿತ್ಸೆಯೇ ಆಗಿರಬಹುದು. ಹಾಗೆಯೇ ಈಗಿನ ಎರಡು ಔಷಧಗಳು ಸಾಕಷ್ಟು ಪ್ರಮಾಣದಲ್ಲಿವೆಯೇ ಎಂದೂ ನೋಡಬೇಕು. ಪ್ರಮಾಣ ಸಾಲದೆ ಫಿಟ್ಸ್ ಬರುತ್ತಿರುವವರನ್ನು ಅದೇ ಸಾಲದ ಪ್ರಮಾಣದಲ್ಲಿ ಆರು ತಿಂಗಳು ಕಟ್ಟಿಹಾಕುವುದು ಯಾವ ನೀತಿಗೂ ಒಪ್ಪುವ ಕೆಲಸವಲ್ಲ.

ಎರಡನೆಯದು ಒಪ್ಪಿಗೆ ಪತ್ರದಲ್ಲಿ ಏನಿದೆ ಎಂಬುದು. ಹುಸಿಮಾತ್ರೆಗೆ ಅಡ್ಡಪರಿಣಾಮಗಳಿಲ್ಲ ಎಂಬ ವಾಕ್ಯ ಕೆಲವು ಪತ್ರಗಳಲ್ಲಿ ಇರುತ್ತದೆ. ಮಾತ್ರೆಯ ಬಗ್ಗೆ ಅದು ನಿಜವಾದರೂ ಭಾಗಿಯ ಪರಿಸ್ಥಿತಿಯ ಬಗ್ಗೆ ನಿಜವಲ್ಲ. ಫಿಟ್ಸ್ ಹಾಗೆಯೇ ಮುಂದುವರಿಯಬಹುದು, ಹೆಚ್ಚಾಗಲೂಬಹುದು, ಬಿದ್ದು ಗಾಯವಾಗಬಹುದು, ಅಪರೂಪಕ್ಕೆ ಹಠಾತ್ ಸಾವೂ ಸಂಭವಿಸಬಹುದು, ಪ್ರಯೋಗಕ್ಕೆ ಸೇರದಿದ್ದರೆ ಈ ಅವಧಿಯಲ್ಲಿ ಇಂಥಿಂಥ ಚಿಕಿತ್ಸೆಗಳನ್ನು ಪ್ರಯತ್ನಿಸಬಹುದಿತ್ತು ಎಂಬುದೆಲ್ಲ ಅಲ್ಲಿ ಸ್ಪಷ್ಟವಾಗಿ ಇರಬೇಕು. ಸುಡೆಪ್ ವಿಷಯ ಪ್ರಸ್ತಾಪಿಸಿದರೆ ಜನ ಹೆದರುತ್ತಾರೆ ಎಂದು ಹಿಂಜರಿಯುವ ವೈದ್ಯರಿದ್ದಾರೆ. ಆ ಅಪಾಯವನ್ನು ಹೊರುವವರು ಯಾರೋ ಅವರಿಗೆ ತಿಳಿಯುವ ಹಕ್ಕಿದೆ. ಪತ್ರವನ್ನು ಓದಿಸಿದ ಮೇಲೆ ನಿಮ್ಮ ತಂಗಿಯವರನ್ನು ಒಂದು ಮಾತು ಕೇಳಿ ನೋಡಿ: ಯಾರಿಗೆ ಯಾವ ಮಾತ್ರೆ ಎಂದು ನಿರ್ಧರಿಸುವವರು ಯಾರು? ವೈದ್ಯರು ನನ್ನ ಸ್ಥಿತಿ ನೋಡಿ ನನಗೆ ಒಪ್ಪುವುದನ್ನು ಆರಿಸುತ್ತಾರೆ ಎಂದು ಅವರು ಉತ್ತರಿಸಿದರೆ ವಿಷಯ ಇನ್ನೂ ಮನಸ್ಸಿಗೆ ಇಳಿದಿಲ್ಲ. ಅದನ್ನು ನಿರ್ಧರಿಸುವುದು ಲಾಟರಿಯಂಥ ಆಯ್ಕೆ, ಅವರ ಸ್ವಂತ ವೈದ್ಯರಿಗೂ ಅದು ಗೊತ್ತಿರುವುದಿಲ್ಲ.

ಮೂರನೆಯದು ಪ್ರಯೋಗ ನಡೆಯುವಾಗಿನ ಕಾವಲು. ಫಿಟ್ಸ್ ಎಷ್ಟು ಹೆಚ್ಚಾದರೆ, ಯಾವ ಹೊಸ ಬಗೆಯದು ಬಂದರೆ ತಕ್ಷಣ ಪ್ರಯೋಗದಿಂದ ಹೊರತರುತ್ತೇವೆ ಎಂಬುದನ್ನು ಮೊದಲೇ ಅಂಕಿಯಲ್ಲಿ ಬರೆದಿರಬೇಕು. ಅಗತ್ಯವಿದ್ದಾಗ ನೋಡೋಣ ಎಂಬ ಮಾತು ಸಾಲದು. ಫಿಟ್ಸ್ ಐದು ನಿಮಿಷ ಮೀರಿದರೆ ಕೊಡಬೇಕಾದ ತುರ್ತು ಔಷಧ ಮನೆಯಲ್ಲಿರಬೇಕು, ಅದನ್ನು ಕೊಡುವ ಕ್ರಮವನ್ನು ಮನೆಯವರಿಗೆ ಕಲಿಸಿರಬೇಕು. ದೊಡ್ಡ ಫಿಟ್ಸ್ ಇರುವವರು ರಾತ್ರಿ ಒಂಟಿಯಾಗಿ ಮಲಗುತ್ತಾರೆಯೇ ಎಂದು ಕೇಳಿ, ಅದಕ್ಕೆ ತಕ್ಕ ಸಲಹೆ ಕೊಡಬೇಕು. ಯಾವ ಮಾತ್ರೆ ಎಂಬ ಗುಟ್ಟನ್ನು ತುರ್ತು ಸಂದರ್ಭದಲ್ಲಿ ಯಾವ ಹೊತ್ತಿನಲ್ಲಾದರೂ ಬಿಡಿಸಿ ಹೇಳುವ ವ್ಯವಸ್ಥೆ ಇರಬೇಕು. ಇದರ ಜೊತೆಗೆ ಪ್ರಯೋಗ ನಡೆಸುವವರಿಂದ ಸ್ವತಂತ್ರವಾದ ಒಂದು ಸಮಿತಿ ಸಾವು ಮತ್ತು ಗಂಭೀರ ಘಟನೆಗಳನ್ನು ಆಗಾಗ ಗುಂಪುವಾರು ನೋಡುತ್ತಿರಬೇಕು, ಒಂದು ಗುಂಪಿಗೆ ಹಾನಿ ಹೆಚ್ಚೆಂದು ಕಂಡರೆ ಪ್ರಯೋಗವನ್ನು ನಿಲ್ಲಿಸುವಂತೆ ಹೇಳುವ ಅಧಿಕಾರ ಅದಕ್ಕಿರಬೇಕು. ಇವುಗಳಲ್ಲಿ ಯಾವುದನ್ನು ಕೇಳಿದರೂ ಪ್ರಯೋಗದ ತಂಡ ಬೇಸರಿಸದೆ ಉತ್ತರಿಸಬೇಕು. ಬೇಸರಿಸಿದರೆ ಅದನ್ನೂ ನಿಮ್ಮ ನಿರ್ಧಾರಕ್ಕೆ ಒಂದು ಮಾಹಿತಿಯಾಗಿ ತೆಗೆದುಕೊಳ್ಳಿ.

ಕೊನೆಯದಾಗಿ, ಪ್ರಯೋಗ ಮುಗಿದ ಮರುದಿನ ಏನು ಎಂಬುದನ್ನು ಸೇರುವ ಮುಂಚೆಯೇ ಕೇಳಿ ಬರೆಸಿಕೊಳ್ಳಿ. ಹುಸಿಮಾತ್ರೆಯಲ್ಲಿದ್ದವರಿಗೂ ಔಷಧ ದೊರೆಯುವ ಮುಂದುವರಿಕೆಯ ಹಂತ ಇದೆಯೇ, ಅದು ಎಷ್ಟು ಕಾಲ, ಔಷಧದಿಂದ ಉಪಯೋಗವಾದವರಿಗೆ ಅದು ಮಾರಾಟಕ್ಕೆ ಬರುವವರೆಗೂ ಉಚಿತವಾಗಿ ಸಿಗುತ್ತದೆಯೇ, ಕಂಪನಿ ಮಧ್ಯದಲ್ಲೇ ಯೋಜನೆಯನ್ನು ಕೈಬಿಟ್ಟರೆ ಹೇಗೆ? ಮೂರ್ಛೆರೋಗದಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ಕೆಲಸ ಮಾಡುತ್ತಿದ್ದ ಔಷಧ ಹಠಾತ್ತಾಗಿ ನಿಂತರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಮರುಕಳಿಸಬಹುದು, ನಿಲ್ಲದೆ ಒಂದರ ಮೇಲೊಂದು ಬರುವ ತುರ್ತುಸ್ಥಿತಿಯೂ ಎದುರಾಗಬಹುದು. ಹಾಗಾಗಿ ಯಾವುದೇ ಕಾರಣಕ್ಕೆ ಔಷಧ ನಿಲ್ಲಿಸಬೇಕಾಗಿ ಬಂದರೂ ವಾರಗಟ್ಟಲೆ ಹಂತಹಂತವಾಗಿ ಇಳಿಸಲು ಬೇಕಾದಷ್ಟು ಮಾತ್ರೆಗಳನ್ನು ಒದಗಿಸುತ್ತೇವೆ ಎಂಬ ಭರವಸೆ ಒಪ್ಪಿಗೆ ಪತ್ರದಲ್ಲೇ ಇರಬೇಕು. ಅದು ಇಲ್ಲದಿದ್ದರೆ ಸಹಿ ಹಾಕುವ ಮುನ್ನ ಪ್ರಯೋಗಕ್ಕೆ ಅನುಮೋದನೆ ಕೊಟ್ಟ ನೈತಿಕ ಸಮಿತಿಗೆ ಬರೆಯಿರಿ. ಸಮಿತಿಯನ್ನು ಸಂಪರ್ಕಿಸುವ ವಿವರ ಆ ಪತ್ರದಲ್ಲಿಯೇ ಇರಬೇಕು.